ಗೇಟಿನ ಹತ್ತಿರ ನೀರು ಕೇಳಿದರು ಎಂದು ನಾನು ಹೇಳಿದ್ದು

ಸತ್ತವರ ಕಾಲು ಮುಟ್ಟಿದರೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಅತ್ತೆ, ಮಾವ, ಮೈದುನ, ಕೊನೆಗೆ ಗಂಡ, ಎಲ್ಲರದ್ದೂ ಮುಟ್ಟಿ ನೋಡಿದವಳು ನಾನು. ಹಾಗಾಗಿ ಆ ದಿನ ಬೆಳಿಗ್ಗೆ ನನಗೆ ತಿಳಿಯಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಶಿರಸಿಯ ನಮ್ಮ ಮನೆಯ ಹಿಂಭಾಗದಲ್ಲಿ ಎರಡು ಕೋಣೆ, ಒಂದು ಅಡುಗೆಮನೆ ಬೇರೆ ಇದೆ. ಅದನ್ನು ಬಾಡಿಗೆಗೆ ಕೊಡುತ್ತೇವೆ. ಕುಮಟಾ ರಸ್ತೆ ಅಗಲ ಮಾಡುವ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಒಬ್ಬ ತೆಲಂಗಾಣದ ಹುಡುಗ ಅಲ್ಲಿದ್ದ. ಅವನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮಗನಿಗೆ ಊಟದ ತೊಂದರೆ ಆಗಬಾರದು ಎಂದು ಅವನ ಅಪ್ಪ ಅಮ್ಮ ಬಂದು ಇದ್ದರು. ಬಂದು ತಿಂಗಳೂ ಆಗಿರಲಿಲ್ಲ. ಅಪ್ಪ ಶಾಲೆ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಹೃದಯದ ತೊಂದರೆ ಇತ್ತು. ನಾಲ್ಕು ದಿನದ ಹಿಂದಷ್ಟೇ ಪೇಟೆಯ ಒಬ್ಬ ಡಾಕ್ಟರರ ಹತ್ತಿರ ತೋರಿಸಿ ಗುಳಿಗೆ ತಂದಿದ್ದರು. ಅಮ್ಮನಿಗೆ ಕನ್ನಡ ಅಷ್ಟಕ್ಕಷ್ಟೇ. ಹಾಲಿನವನ ಹತ್ತಿರವೂ ಕೈ ಬಾಯಿ ಎರಡರಲ್ಲೂ ಮಾತಾಡುತ್ತಿದ್ದಳು.

ಆರೂವರೆಗೆ ಹುಡುಗ ಬಂದು ಅಡುಗೆಮನೆ ಬಾಗಿಲು ತಟ್ಟಿದ. "ಅಜ್ಜಿ, ಅಪ್ಪ ಏಳ್ತಾ ಇಲ್ಲ. ಸ್ವಲ್ಪ ಬಂದು ನೋಡ್ತೀರಾ?"

ಹೋಗಿ ನೋಡಿದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರ ಹೆಂಡತಿ ಕಾಲ ಹತ್ತಿರ ನೆಲದ ಮೇಲೆ ಕೂತಿದ್ದಳು. ನಾನು ಪಾದ ಮುಟ್ಟಿದೆ. ನೆಲದಷ್ಟೇ ತಣ್ಣಗಿತ್ತು.

"ಎಂತ ಮಾಡ್ಬೇಕು ಅಜ್ಜಿ? ನಮಗೆ ಇಲ್ಲಿ ಯಾರೂ ಗೊತ್ತಿಲ್ಲ" ಎಂದ ಹುಡುಗ. ನಮ್ಮ ಮನೆಯಲ್ಲಿ ಇದ್ದೂ ಇದ್ದೂ 'ಎಂತ' ಎನ್ನುವುದು ಅವನ ಬಾಯಿಗೂ ಬಂದಿತ್ತು.

ನಾನು ನಮ್ಮ ಕಡೆ ಬಂದು ಗೋಡೆಯ ಕ್ಯಾಲೆಂಡರ್ ನೋಡಿದೆ. ನಾಲ್ಕನೇ ಇಯತ್ತೆ ಓದಿದವಳಾದರೂ ತಿಥಿ ನಕ್ಷತ್ರ ನೋಡಲು ನನಗೆ ಯಾರೂ ಬೇಡ. ಶತಭಿಷಾ ಎಂದಿತ್ತು. ಅಂದರೆ ಧನಿಷ್ಠಾ ಪಂಚಕ. ಆ ಐದು ನಕ್ಷತ್ರದಲ್ಲಿ ಯಾರಾದರೂ ಮನೆಯೊಳಗೆ ಸತ್ತರೆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೊರಗಿರಬೇಕು ಎಂದು ನಮ್ಮಲ್ಲಿ ಹೇಳುತ್ತಾರೆ. ನಾನು ಹುಟ್ಟಿದ ಹೇರೂರಿನಲ್ಲಿ ಒಂದು ಕುಟುಂಬ ಹಾಗೆ ಆರು ತಿಂಗಳು ಕೊಟ್ಟಿಗೆಯ ಪಕ್ಕ ಸೋಗೆಯ ಗುಡಿಸಲು ಹಾಕಿಕೊಂಡು ಇದ್ದುದನ್ನು ಸಣ್ಣವಳಿದ್ದಾಗ ನೋಡಿದ್ದೇನೆ. ನಮ್ಮ ಮನೆಯಲ್ಲಿ ಮುಂದಿನ ತಿಂಗಳು ಮೊಮ್ಮಗಳ ಮದುವೆ. ನಾಂದಿ, ದೇವಕಾರ್ಯ ಎಲ್ಲ ಮನೆಯಲ್ಲೇ ಆಗಬೇಕು. ಚಪ್ಪರದವನಿಗೆ ಹೇಳಿಯಾಗಿತ್ತು.

ವಾಪಸು ಹೋಗಿ ಹುಡುಗನಿಗೆ ಹೇಳಿದೆ, "ಜೀವ ಇದ್ದಂಗೇ ಕಾಣ್ತದೆ ತಮಾ. ತಡ ಮಾಡಬೇಡ. ಸರ್ಕಾರಿ ಆಸ್ಪತ್ರೆಗೆ ಹೋಗಿ."

ಅವನ ಮುಖದಲ್ಲಿ ಆಸೆ ಹುಟ್ಟಿದ್ದನ್ನು ನೋಡಿದೆ. ಅದನ್ನು ಹುಟ್ಟಿಸಿದವಳು ನಾನು.

ನಮ್ಮ ಕೇರಿಯ ಕೊನೆಯಲ್ಲಿ ಒಬ್ಬ ಮುಸ್ಲಿಂ ಡ್ರೈವರ್ ಇದ್ದಾನೆ. ಅವನದೊಂದು ಓಮ್ನಿ. ನನ್ನ ಗಂಡನನ್ನು ಮಣಿಪಾಲಕ್ಕೆ ಒಯ್ದವನೂ, ತಂದವನೂ ಅವನೇ. ಫೋನ್ ಮಾಡಿದ ಐದು ನಿಮಿಷಕ್ಕೆ ಬಂದ. ಒಳಗೆ ಹೋಗಿ ಕುತ್ತಿಗೆಗೆ ಕೈ ಹಚ್ಚಿ ನೋಡಿ, ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದ.

"ಅಮ್ಮಾ, ಇದು ಮುಗಿದದ್ದು. ಮೊನ್ನೆ ಇವರನ್ನ ಕ್ಲಿನಿಕ್ಕಿಗೆ ಕರ್ಕೊಂಡು ಹೋದದ್ದು ನಾನೇ. ಆ ಡಾಕ್ಟ್ರಿಗೇ ಫೋನ್ ಮಾಡಿಸಿ. ಮನೆಗೆ ಬಂದು ನೋಡಿ, ಏನಾಗಿ ಹೋದ್ರು ಅಂತ ಬರೆದು ಕೊಡ್ತಾರೆ. ಮಧ್ಯಾಹ್ನದ ಒಳಗೆ ಎಲ್ಲಾ ಮುಗೀತದೆ. ಹೆಣ ತಗೊಂಡು ದೊಡ್ಡಾಸ್ಪತ್ರೆಗೆ ಹೋದ್ರೆ ಅವರು ಪೊಲೀಸ್ರಿಗೆ ಚೀಟಿ ಕಳಿಸ್ತಾರೆ. ಆಮೇಲೆ ನಮ್ಮ ಕೈಯಲ್ಲಿ ಇರೋದಿಲ್ಲ."

"ನೀನು ಗಾಡಿ ಹೊಡಿಯೋನಾ, ಡಾಕ್ಟ್ರಾ?" ಎಂದೆ.

"ಇಷ್ಟು ವರ್ಷ ಬದುಕಿದವರನ್ನೂ ಒಯ್ದಿದ್ದೇನೆ, ಸತ್ತವರನ್ನೂ ಒಯ್ದಿದ್ದೇನೆ ಅಮ್ಮಾ. ಎತ್ತುವಾಗ್ಲೇ ಗೊತ್ತಾಗ್ತದೆ."

"ಹಂಗಾದ್ರೆ ಎತ್ತು. ಮಾತು ಸಾಕು."

ಅವನು ಓಮ್ನಿಯ ಹಿಂಬಾಗಿಲು ತೆಗೆದ. ಹಿಂದಿನ ಸೀಟು ಮಡಚಿದ. ಹುಡುಗ, ಅವನು, ನಾನು ಮೂರೂ ಜನ ಸೇರಿ ಎತ್ತಿದೆವು. ಹೆಂಡತಿ ತೆಲುಗಿನಲ್ಲಿ ಏನೋ ಹೇಳಿ ನನ್ನ ಕೈ ಹಿಡಿದಳು. ನಾನು ಬಿಡಿಸಿಕೊಂಡೆ. ಅವಳು ಹೇಳಿದ್ದು ಬೇಡ ಎಂದು. ಅದಕ್ಕೆ ತೆಲುಗು ಬರಬೇಕಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದಳು. ಗಲ್ಲ ಹಿಡಿದು ಬಾಯಿ ತೆಗೆಯಲು ನೋಡಿದಳು. ಬರಲಿಲ್ಲ. "ಬರುವಾಗಲೇ ಜೀವ ಇಲ್ಲ. ಹೋಗಿ ಮೂರು ನಾಲ್ಕು ತಾಸಾದ್ರೂ ಆಗಿದೆ" ಎಂದು ಹೇಳಿ ಸ್ಟೇಷನ್ನಿಗೆ ಚೀಟಿ ಬರೆದಳು. ಡ್ರೈವರ್ ಹೇಳಿದಂತೆಯೇ ಆಯಿತು.

ಎ.ಎಸ್.ಐ. ಒಬ್ಬರು ಬಂದರು. ನಮ್ಮ ಕಡೆಯವರೇ, ನಿಧಾನದ ಮನುಷ್ಯ. ಹುಡುಗನನ್ನು ಕೇಳಿದರು, ಅವನು ಇದ್ದದ್ದು ಹೇಳಿದ. ಹೆಂಡತಿಯನ್ನು ಕೇಳಿದರು. ಅವಳು ಹಿಂದಿ ಕನ್ನಡ ಕೂಡಿಸಿ, ಮನೆಯಲ್ಲೇ ಹೋದರು, ಬೆಳಿಗ್ಗೆಗೂ ಮೊದಲೇ ಹೋದರು ಎಂದಳು. ಆಮೇಲೆ ನನ್ನ ಕಡೆ ತಿರುಗಿದರು. "ಮನೆ ನಿಮ್ದೇ ಅಲ್ವಾ ಅಮ್ಮಾ? ನೀವು ನೋಡಿದ್ದು ಹೇಳಿ."

"ಮನೆಯಲ್ಲಿ ಜೀವ ಇತ್ತು" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಗಾಡಿ ಹತ್ತಿಸಿದ ಮೇಲೆ, ಹುಡುಗ ಔಷಧದ ಚೀಟಿ ತರಲು ಒಳಗೆ ಹೋದಾಗ, ಗೇಟಿನ ಹತ್ತಿರ ನೀರು ಕೇಳಿದರು. ದಾರಿಮೇಲೆ ಹೋಗಿರಬೇಕು. ಪಾಪ, ಅವಳಿಗೆ ಗಾಬರಿ, ಏನು ಹೇಳ್ತಾಳೆ ಅಂತ ಅವಳಿಗೇ ಗೊತ್ತಿಲ್ಲ."

ಎ.ಎಸ್.ಐ. ಡ್ರೈವರನನ್ನು ಕೇಳಿದರು. ಅವನು ನೆಲ ನೋಡುತ್ತ, "ನಾನು ಗಾಡಿ ತಿರುಗಿಸ್ತಾ ಇದ್ದೆ ಸಾಹೇಬ್ರೆ, ನೋಡ್ಲಿಲ್ಲ" ಎಂದ.

ಎ.ಎಸ್.ಐ. ಪೆನ್ನಿನ ಮುಚ್ಚಳ ಹಾಕಿದರು. "ಮೊದಲೇ ಔಷಧ ತಗೊಳ್ತಿದ್ದವರು, ಚೀಟಿ ಇದೆ. ಎಲ್ಲರ ಮಾತೂ ಒಂದೇ ಇದ್ದಿದ್ರೆ ಪಂಚನಾಮೆ ಮಾಡಿ, ಮೇಲಿನವರನ್ನ ಕೇಳಿ, ಹಾಗೇ ಕೊಡಬಹುದಿತ್ತೇನೋ. ಈಗ ಡಾಕ್ಟ್ರು ನಾಲ್ಕು ತಾಸು ಅಂತಾರೆ, ನೀವು ಅರ್ಧ ತಾಸಿನ ಹಿಂದೆ ನೀರು ಕೇಳಿದ್ರು ಅಂತೀರಿ. ಪರ ಊರಿನವರು ಬೇರೆ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಏನು ಹೇಳ್ಲಿ? ಪೋಸ್ಟ್‌ಮಾರ್ಟಂ ಆಗಲೇಬೇಕು."

ಆ ಶಬ್ದ ಮಾತ್ರ ಅವಳಿಗೆ ಅರ್ಥವಾಯಿತು. ಎದ್ದು ಬಂದು ಎ.ಎಸ್.ಐ. ಕಾಲ ಹತ್ತಿರ ಕೂತಳು. ಕೊಯ್ಯಬೇಡಿ, ಕೊಯ್ಯಬೇಡಿ ಎಂದು ಎದೆಯ ಮೇಲೆ ಬೆರಳಿನಿಂದ ಗೀರಿ ತೋರಿಸುತ್ತ ಕೈ ಮುಗಿದಳು. ಆಮೇಲೆ ನನಗೂ ಕೈ ಮುಗಿದಳು. ನಾನು ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಡಾಕ್ಟರು ಹೆಣ ಕೊಯ್ಯುವ ಕೋಣೆಗೆ ಹೋಗುವವರೆಗೆ ಒಂದು ತಾಸಿನ ಮೇಲೇ ಸಮಯವಿತ್ತು. ನಾನು ಬೆಂಚಿನ ಮೇಲೆ ಕೂತು ಚಪ್ಪರದವನಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಇದನ್ನು ಹೇಳಲು ಬಾಯಿ ಬರುವುದಿಲ್ಲ, ಆದರೆ ಯೋಚಿಸುತ್ತಿದ್ದುದು ಅದನ್ನೇ.

ಮಧ್ಯಾಹ್ನ ಎರಡರ ಮೇಲೆ ಬಿಳಿ ಬಟ್ಟೆ ಸುತ್ತಿ, ಕಟ್ಟಿ, ಹುಡುಗನ ಸಹಿ ತೆಗೆದುಕೊಂಡು ಕೊಟ್ಟರು. ಅವಳಿಗೆ ಒಮ್ಮೆ ಮನೆಗೆ ಒಯ್ದು ಸ್ನಾನ ಮಾಡಿಸಬೇಕಿತ್ತು. ಹೊರಗೆ ಹೋದದ್ದನ್ನು ಮತ್ತೆ ಒಳಗೆ ತರುವ ಪದ್ಧತಿ ನಮ್ಮಲ್ಲಿ ಇಲ್ಲ ಎಂದೆ. ಅಲ್ಲದೆ ಹೊಲಿಗೆ ಹಾಕಿದ ಮೈಗೆ ನೀರು ಹೊಯ್ಯುವಂತೆಯೂ ಇರಲಿಲ್ಲ. ಮುಖದ ಮೇಲಿನ ಬಟ್ಟೆ ಸರಿಸಿ ಆಸ್ಪತ್ರೆಯ ಹಿಂಬಾಗಿಲಲ್ಲೇ ತೋರಿಸಿದೆವು. ನೀರು ಚಿಮುಕಿಸಿದಳು, ಅಷ್ಟೇ.

ಅಲ್ಲಿಂದ ಮುಂದೆ ನಾನು ಮಾಡಿದ ಕೆಲಸಕ್ಕೆ ಲೆಕ್ಕವಿಲ್ಲ. ಸ್ಮಶಾನ ನೋಡಿಕೊಳ್ಳುವವನಿಗೆ ಫೋನ್ ಮಾಡಿಸಿ ಕಟ್ಟಿಗೆ ಒಟ್ಟಿಸಿದೆ. ಸತ್ತವರದ್ದು ಮತ್ತು ಮಗನದ್ದು ಆಧಾರ್ ಜೆರಾಕ್ಸ್ ಬೇಕು, ಪೊಲೀಸರು ಹೆಣ ಕೊಟ್ಟ ಪತ್ರ ಬೇಕು, ಅದಿಲ್ಲದೆ ಅವನು ಪುಸ್ತಕದಲ್ಲಿ ಬರೆಯುವುದಿಲ್ಲ, ರಸೀದಿ ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹುಡುಗನ ಕೈಗೆ ಕೊಟ್ಟೆ. ಮಂತ್ರಕ್ಕೆ ನಮ್ಮ ಭಟ್ಟರನ್ನು ಕರೆಸಿದೆ. ಹೆಗಲು ಕೊಡಲು ಕಂಪನಿಯ ಕೆಲಸಗಾರರು ಬಂದರು, ಬಿಹಾರದವರೋ ಎಲ್ಲಿಯವರೋ. ಡ್ರೈವರ್ ಕೊನೆಯವರೆಗೂ ನಿಂತ. ಕತ್ತಲಾಗುವ ಮೊದಲು ಮುಗಿಯಿತು.

ಅವರ ಒಲೆ ಹಚ್ಚುವಂತಿಲ್ಲವಲ್ಲ, ಅನ್ನ ನಮ್ಮ ಮನೆಯಿಂದಲೇ. ಮೂರನೇ ದಿನ ಅಸ್ಥಿ ತೆಗೆಸಿದ್ದೂ ನಾನೇ ಹೇಳಿಕೊಟ್ಟು. ಕೇರಿಯ ಹೆಂಗಸರು, "ಪರ ಊರಿನವರಿಗೆ ಇಷ್ಟು ಯಾರು ಮಾಡ್ತ?" ಎಂದರು. ಹುಡುಗ ಕಾಲಿಗೆ ಬಿದ್ದ. ನಾನು ತಲೆ ಸವರಿದೆ.

ನನ್ನ ಸೊಸೆ ಮಾತ್ರ ಅನ್ನ ಬಸಿಯುತ್ತ ಒಂದು ದಿನ ಕೇಳಿದಳು, "ಅತ್ತೆ, ಗೇಟಿನ ಹತ್ರ ನೀರು ಕೊಟ್ಟಿದ್ದು ಯಾರು? ತಂಬಿಗೆ ಅಂತೂ ಒಳಗೇ ಇತ್ತು."

"ನಿಂಗೆ ಮಗಳ ಮದ್ವೆ ಆಗವಾ, ಬ್ಯಾಡದಾ?" ಎಂದೆ.

"ಮದ್ವೆ ಆಗವು. ಆದ್ರೆ ನನ್ನ ಮಗಳ ಹೆಸರಲ್ಲಿ ಸುಳ್ಳು ಹೇಳದು ಬ್ಯಾಡ" ಎಂದು ಗಂಜಿ ಚೆಲ್ಲಲು ಹೋದಳು.

ಭಟ್ಟರು ಅಸ್ಥಿಯ ಕೆಲಸ ಮುಗಿಸಿ ಜಗಲಿಯ ಮೇಲೆ ಕೂತಾಗ ಹಗೂರಕ್ಕೆ ವಿಷಯ ತೆಗೆದೆ. ಪಂಚಕದಲ್ಲಿ ಹೋದರು, ಆದರೆ ದಾರಿಮೇಲೆ ಹೋದರು, ಮನೆಗೆ ದೋಷ ಇದೆಯೋ ಎಂದೆ.

"ದಾರಿಮೇಲೆ ಹೋದ್ರೆ ಮನೆಗೆ ಎಂತದೂ ಇಲ್ಲೆ ಅತ್ತಿಗೆ" ಎಂದರು. "ಮನೆಲೇ ಹೋಗಿದ್ರೂ ಎಂತ? ಒಂದು ಶಾಂತಿ ಮಾಡಿದ್ರೆ ಆತು, ಅರ್ಧ ದಿನದ ಕೆಲಸ. ಈಗಿನ ಕಾಲದಲ್ಲಿ ಆರು ತಿಂಗಳು ಮನೆ ಬಿಟ್ಟು ಯಾರು ಹೋಗ್ತ? ಎಂತಕ್ಕೆ ಕೇಳ್ತೆ?"

"ಸುಮ್ನೇ" ಎಂದೆ.

ಅರ್ಧ ದಿನದ ಕೆಲಸ. ಬೆಳಿಗ್ಗೆ ಅವರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ, ಯಾಕೆಂದರೆ ಮನೆ ಬಿಡಿ ಎಂದುಬಿಟ್ಟರೆ ಎಂಬ ಹೆದರಿಕೆ. ಆ ಹೆದರಿಕೆಗೆ ಒಬ್ಬ ಮಾಸ್ತರನ ಎದೆ ಸೀಳಿಸಿದೆ. ಅಷ್ಟು ತಿಳಿದ ಮೇಲೂ ಆರು ದಿನ ಸುಮ್ಮನಿದ್ದೆ, ಅದನ್ನೂ ಹೇಳಬೇಕು.

ಒಂಬತ್ತನೇ ದಿನ ಹುಡುಗ ಬಂದು, "ಅಜ್ಜಿ, ನಾಡಿದ್ದಿನ ಕ್ರಿಯೆಗೆ ನಾವು ಊರಿಗೆ ಹೋಗ್ತೇವೆ. ಅದಕ್ಕೂ ಮೊದಲು ನಗರಸಭೆಗೆ ಅರ್ಜಿ ಕೊಡ್ಬೇಕು. ಅಮ್ಮನ ಪಿಂಚಣಿಗೆ ಮರಣಪತ್ರ ಬೇಕೇಬೇಕು. ಇಪ್ಪತ್ತೊಂದು ದಿನದ ಒಳಗೆ ಆದ್ರೆ ಸುಲಭ ಅಂತೆ. ನೀವು ಜೊತೆಗೆ ಬಂದ್ರೆ ಧೈರ್ಯ" ಎಂದ. ಹೋದೆ.

ಕೌಂಟರಿನಲ್ಲಿ ಕೂತ ಹೆಂಗಸು ಕಾಗದವನ್ನೆಲ್ಲ ಒಂದೊಂದಾಗಿ ನೋಡಿದಳು. ಪೊಲೀಸರ ಪತ್ರ, ಸ್ಮಶಾನದ ರಸೀದಿ, ಆಧಾರ್. "ಮರಣ ಸ್ಥಳ ಎಲ್ಲಿ?" ಎಂದಳು.

"ಸರ್ಕಾರಿ ಆಸ್ಪತ್ರೆ" ಎಂದೆ ನಾನು.

"ಅಲ್ಲ ಅಮ್ಮಾ. ಆಸ್ಪತ್ರೆಗೆ ಬರುವಾಗ್ಲೇ ಜೀವ ಇರಲಿಲ್ಲ ಅಂತ ಇಲ್ಲೇ ಇದೆ. ಮನೆಯಲ್ಲಿ ಹೋಗಿದ್ರೆ ಮನೆ ವಿಳಾಸ ಬರೀತೇನೆ. ಗಾಡಿಯಲ್ಲಿ ಹೋಗಿದ್ರೆ ಗಾಡಿ ಮೊದಲು ನಿಂತ ಜಾಗ ಬರೀಬೇಕು. ಅದಕ್ಕೆ ಗಾಡಿ ಓಡಿಸಿದವರೇ ಬಂದು ಹೇಳ್ಬೇಕು, ಸಹಿ ಹಾಕ್ಬೇಕು. ನಾನು ಅಂದಾಜಿನ ಮೇಲೆ ತುಂಬೋಕಾಗೋದಿಲ್ಲ."

ಹುಡುಗ ಹೊರಗೆ ಹೋಗಿ ಡ್ರೈವರನಿಗೆ ಫೋನ್ ಮಾಡಿದ. ಅವನು ಬಂದ. ಟೈರು ಬದಲಿಸುತ್ತಿದ್ದನಂತೆ, ಕೈಯೆಲ್ಲ ಕಪ್ಪು. ಅಂಗಿಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ಏನು, ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ. ಕಾಗದ ನೋಡುತ್ತಲೇ, "ಎಲ್ಲಿ ಹಾಕ್ಲಿ ಅಮ್ಮಾ?" ಎಂದ.

ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನ ಸುಳ್ಳಿನ ಕೆಳಗೆ ತನ್ನ ಹೆಸರು ಬರೆಯಲು ಬಂದಿದ್ದ. ಪೊಲೀಸರ ಮುಂದೆ ಒಮ್ಮೆ ನನಗಾಗಿ ನೆಲ ನೋಡಿದವನು. ನಾಳೆ ಏನಾದರೂ ಆದರೆ ಅವನ ಹೆಸರಿನ ಮೇಲೆ ಬರುತ್ತದೆ, ನನ್ನ ಮೇಲೆ ಅಲ್ಲ.

"ಹಾಕಬೇಡ" ಎಂದೆ.  ಕೌಂಟರಿನವಳಿಗೆ ಹೇಳಿದೆ, "ಮನೆಯಲ್ಲೇ ಹೋದದ್ದು. ಹಿಂದಿನ ಕೋಣೆಯಲ್ಲಿ, ಮಂಚದ ಮೇಲೆ. ನಾನು ಕಾಲು ಮುಟ್ಟಿ ನೋಡಿದ್ದೆ. ನೀರು ಕೇಳಿದ್ದು ಸುಳ್ಳು."

ಹುಡುಗ ನನ್ನನ್ನು ನೋಡಲಿಲ್ಲ. ಕೌಂಟರಿನ ಕಬ್ಬಿಣದ ಸರಳು ಹಿಡಿದುಕೊಂಡು ನಿಂತ.

ಕೌಂಟರಿನವಳು ಪೆನ್ನು ಕೆಳಗಿಟ್ಟು, "ಪೊಲೀಸ್ ಪತ್ರದಲ್ಲಿ ಬೇರೆ ಇದೆ ಅಮ್ಮಾ. ಸ್ಟೇಷನ್ನಿಗೆ ಹೋಗಿ ಇದನ್ನೇ ಹೇಳಿ, ಅವರಿಂದ ಬರೆಸಿಕೊಂಡು ಬನ್ನಿ" ಎಂದಳು.

ಸ್ಟೇಷನ್ನಿನಲ್ಲಿ ಎ.ಎಸ್.ಐ. ಪೂರ್ತಿ ಕೇಳಿದರು. ಪೋಸ್ಟ್‌ಮಾರ್ಟಂನಲ್ಲಿ ಹೃದಯಾಘಾತ ಎಂದೇ ಬಂದಿದ್ದರಿಂದ ಕೇಸು ಉಳಿದಿರಲಿಲ್ಲ. ನನ್ನ ಹೇಳಿಕೆ ಹೊಸದಾಗಿ ಬರೆದುಕೊಂಡರು. "ನಿಮ್ಮ ವಯಸ್ಸು ನೋಡಿ ಸುಮ್ಮನಿದ್ದೇನೆ. ಇದೇ ಮಾತು ಅವತ್ತು ಬೆಂಚಿನ ಮೇಲೆ ಕೂತಾಗ ಹೇಳಬೇಕಿತ್ತು" ಎಂದರು. ನಾನು ಸಹಿ ಹಾಕಿದೆ. ನನ್ನ ಸಹಿ ನಿಧಾನ, ಒಂದೊಂದೇ ಅಕ್ಷರ. ಅಷ್ಟು ಹೊತ್ತೂ ಹುಡುಗ ಪಕ್ಕದಲ್ಲೇ ನಿಂತಿದ್ದ.

ಆ ಪತ್ರದ ಮೇಲೆ ನಗರಸಭೆಯಲ್ಲಿ ನಮ್ಮ ಮನೆಯ ನಂಬರು ಬರೆದುಕೊಂಡರು. ಸರ್ಟಿಫಿಕೇಟು ಆಮೇಲೆ ಬರುತ್ತದೆ ಎಂದರು.  ಗೇಟಿನ ಹತ್ತಿರ ಹುಡುಗ, "ಅಮ್ಮನಿಗೆ ನೀವೇ ಹೇಳಿ" ಎಂದ.

ಹೋದೆ. ಅವಳು ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ನಕ್ಷತ್ರ, ಮದುವೆ, ನೀರು. ಎಷ್ಟು ಅರ್ಥವಾಯಿತೋ ಎಂದುಕೊಂಡರೆ, ಅವಳು ಮಡಚುವುದನ್ನು ನಿಲ್ಲಿಸದೆ ತನ್ನ ಹರಕು ಕನ್ನಡದಲ್ಲಿ ಹೇಳಿದಳು:

"ಗೊತ್ತು ಅಮ್ಮ. ನಾಲ್ಕು ಗಂಟೆಗೇ ನಾನು ನೋಡಿದ್ದೆ. ಮಗ ಸ್ವಲ್ಪ ಮಲಗಲಿ ಅಂತ ಎಬ್ಬಿಸಲಿಲ್ಲ. ಪೊಲೀಸು ನಿಮ್ಮ ಮಾತು ಕೇಳಿದ. ನಿಮ್ಮ ಊರು. ನಾನು ನಿಮ್ಮ ಜೊತೆ ಜಗಳ ಮಾಡಿದರೆ ಕಟ್ಟಿಗೆ ಯಾರು ಕೊಡಿಸೋದು? ಮಂತ್ರ ಹೇಳೋ ಅಯ್ಯಗಾರು ಎಲ್ಲಿ ಸಿಗ್ತಾರೆ? ನನ್ನ ಮಗನಿಗೆ ಯಾರು ಗೊತ್ತು ಇಲ್ಲಿ?"

"ತಪ್ಪಾಯ್ತು" ಎಂದೆ.

  ಅವಳು ಇನ್ನೊಂದು ಸೀರೆ ತೆಗೆದುಕೊಂಡಳು. ಒಂಬತ್ತು ದಿನವೂ ನಾನು ತಟ್ಟೆ ಇಟ್ಟಾಗಲೆಲ್ಲ ಅವಳು ಕೈ ಮುಗಿದಿದ್ದಳು. ಪುಣ್ಯ ಕಟ್ಟಿಕೊಂಡೆ ಎಂದು ನಾನು ಒಳಗೇ ಹಿಗ್ಗಿದ್ದೆ.

ನಮ್ಮ ಅಡುಗೆಮನೆಗೆ ಬಂದರೆ ಸೊಸೆ ಅವರ ಪಾಲಿನ ಅನ್ನ ಸಾರು ತೆಗೆದಿಟ್ಟಿದ್ದಳು. ಒಯ್ಯಲು ನನಗೆ ಕಾಲು ಬರಲಿಲ್ಲ. "ನೀನೇ ಕೊಟ್ಟು ಬಾ" ಎಂದೆ. "ನಾ ಹೋಗ್ತಿಲ್ಲೆ ಅತ್ತೆ, ನೀವೇ ಹೋಗಿ" ಎಂದಳು. ಒಯ್ದು ಬಾಗಿಲ ಒಳಗೆ ಇಟ್ಟೆ. ಈ ಸಲ ಅವಳು ಕೈ ಮುಗಿಯಲಿಲ್ಲ. ಮಗನನ್ನು ಕರೆದು ಕೂರಿಸಿ ಬಡಿಸಿದಳು, ತಾನೂ ಉಂಡಳು. ಅವರಿಗೆ ಹಸಿವಾಗಿತ್ತು, ಊರು ಗೊತ್ತಿರಲಿಲ್ಲ, ಅವರ ಬಸ್ಸು ಇದ್ದದ್ದು ಮರುದಿನ.